ಕ್ರಿಯೇಟಿನಿನ್ ‘ನಾರ್ಮಲ್’ ಇದ್ದರೆ ಅಜ್ಜಿಯ ಕಿಡ್ನಿ ಯುವಕರ ಕಿಡ್ನಿಯಷ್ಟೇ ಕೆಲಸ ಮಾಡುತ್ತದೆಯೇ?

‘ಕ್ರಿಯೇಟಿನಿನ್ 1.2ರ ಒಳಗಿದ್ದರೆ ಕಿಡ್ನಿ ಫುಲ್ ಓಕೆ, ಯಾವ ಮಾತ್ರೆಯನ್ನಾದರೂ ನುಂಗಬಹುದು’ ಎಂಬ ಮಾತು ವಾಟ್ಸಾಪ್‌ನಲ್ಲೂ ಲ್ಯಾಬ್ ಮುಂದಿನ ಹರಟೆಯಲ್ಲೂ ಕೇಳಿಬರುತ್ತದೆ. ವಯಸ್ಸಾದವರ ವಿಷಯದಲ್ಲಿ ಈ ಮಾತು ದಾರಿ ತಪ್ಪಿಸುತ್ತದೆ. ಯಾಕೆ ಎಂದು ನೋಡೋಣ.

ಕ್ರಿಯೇಟಿನಿನ್ ಎಂಬುದು ನಮ್ಮ ಸ್ನಾಯುಗಳಲ್ಲಿ ದಿನವೂ ಹುಟ್ಟುವ ಕಸ. ಅದನ್ನು ಸೋಸಿ ಮೂತ್ರದಲ್ಲಿ ಹೊರಹಾಕುವುದು ಕಿಡ್ನಿಯ ಕೆಲಸ. ನಲವತ್ತು ದಾಟಿದ ಮೇಲೆ ಹೆಚ್ಚಿನವರಲ್ಲಿ ಈ ಸೋಸುವ ಶಕ್ತಿ ನಿಧಾನವಾಗಿ ಇಳಿಯುತ್ತದೆ. ಇದು ಕಾಯಿಲೆಯಲ್ಲ, ಕೂದಲು ನರೆತ ಹಾಗೆ. ಆದರೆ ಅದೇ ಹೊತ್ತಿಗೆ ಸ್ನಾಯುವೂ ಕರಗುತ್ತಾ ಹೋಗುತ್ತದೆ. ಕಸ ಎತ್ತುವವರು ಕಡಿಮೆಯಾದರು, ಕಸವೂ ಕಡಿಮೆಯಾಯಿತು. ಹಾಗಾಗಿ ರಿಪೋರ್ಟಿನಲ್ಲಿ ಅಂಕಿ ಇದ್ದಲ್ಲೇ ಇರುತ್ತದೆ.

ಲೆಕ್ಕ ಹಾಕಿಯೇ ನೋಡೋಣ. ಔಷಧದ ಪ್ರಮಾಣ ನಿರ್ಧರಿಸಲು ವೈದ್ಯರು ಬಹಳ ಕಾಲದಿಂದ ಬಳಸುತ್ತಿರುವ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರವೊಂದಿದೆ. 140ರಿಂದ ವಯಸ್ಸನ್ನು ಕಳೆದು, ತೂಕದಿಂದ ಗುಣಿಸಬೇಕು. ಬಂದದ್ದನ್ನು ಕ್ರಿಯೇಟಿನಿನ್‌ನ 72 ಪಟ್ಟಿನಿಂದ ಭಾಗಿಸಬೇಕು. ಮಹಿಳೆಯಾದರೆ ಉತ್ತರವನ್ನು 0.85ರಿಂದ ಗುಣಿಸಬೇಕು. 30 ವರ್ಷದ, 70 ಕೆಜಿ ತೂಕದ ಮೊಮ್ಮಗನ ಕ್ರಿಯೇಟಿನಿನ್ 1.0 ಎಂದುಕೊಳ್ಳಿ. ಅವನ ಕಿಡ್ನಿ ನಿಮಿಷಕ್ಕೆ ಸುಮಾರು 107 ಮಿಲಿ ಸೋಸುತ್ತದೆ. 78 ವರ್ಷದ, 45 ಕೆಜಿ ತೂಕದ ಅಜ್ಜಿಯ ಕ್ರಿಯೇಟಿನಿನ್ ಕೂಡ 1.0. ಅವರದ್ದು ಸುಮಾರು 33 ಮಿಲಿ! ಎರಡು ರಿಪೋರ್ಟುಗಳಲ್ಲೂ ಇರುವುದು ಅದೇ ‘ನಾರ್ಮಲ್’.

ಈಗಿನ ರಿಪೋರ್ಟುಗಳಲ್ಲಿ ಇಜಿಎಫ್‌ಆರ್ ಎಂಬ ಅಂಕಿಯೂ ಇರುತ್ತದಲ್ಲ ಎಂದು ನೀವು ಕೇಳಬಹುದು. ಅದು ವಯಸ್ಸನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಆದರೆ ತೂಕವನ್ನು ಕೇಳುವುದಿಲ್ಲ. ತೀರಾ ಸಣಕಲು ದೇಹದವರಲ್ಲಿ ಅದು ಇರುವುದಕ್ಕಿಂತ ಚೆನ್ನಾಗಿ ತೋರಿಸಬಹುದು. ಎರಡೂ ಅಂದಾಜುಗಳೇ ಎಂಬುದು ನೆನಪಿರಲಿ.

ಇದರಿಂದ ಮಾತ್ರೆಗೆ ಏನಾಗುತ್ತದೆ? ಕಾಲುರಿ, ನರದ ನೋವಿಗೆ ಕೊಡುವ ಪ್ರಿಗಾಬಲಿನ್ ತೆಗೆದುಕೊಳ್ಳಿ. ಇದು ಲಿವರ್‌ನಲ್ಲಿ ಕರಗುವುದಿಲ್ಲ, ಬಹುಪಾಲು ಇದ್ದ ಹಾಗೆಯೇ ಕಿಡ್ನಿಯಿಂದ ಹೊರಹೋಗಬೇಕು. ಆರೋಗ್ಯವಂತ ಯುವಕರ ರಕ್ತದಲ್ಲಿ ಅದು ಅರ್ಧಕ್ಕಿಳಿಯಲು ಸುಮಾರು 6 ಗಂಟೆ ಸಾಕು. ನಮ್ಮ ಅಜ್ಜಿಯಂಥವರಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ಹೊತ್ತು ಬೇಕು. ಬೆಳಗಿನ ಮಾತ್ರೆ ಪೂರ್ತಿ ಖಾಲಿಯಾಗುವ ಮೊದಲೇ ರಾತ್ರಿಯದ್ದು ಬಂದು ಸೇರುತ್ತದೆ. ನಾಲ್ಕೈದು ದಿನದಲ್ಲಿ ಮಂಪರು, ತೊದಲು, ಬಚ್ಚಲಿಗೆ ಹೋಗುವಾಗ ಜೋಲಿ. ವಯಸ್ಸಾದ ಮೆದುಳು ಇಂಥ ಔಷಧಗಳಿಗೆ ಬೇಗ ಮಣಿಯುವುದರಿಂದ ಪೆಟ್ಟು ಇಮ್ಮಡಿ. ಮನೆಯವರು ‘ಅರಳುಮರಳು ಶುರುವಾಯಿತು’ ಎನ್ನುತ್ತಾರೆ. ಹೊಸ ಮಾತ್ರೆ ಶುರುವಾದ ಅಥವಾ ಡೋಸ್ ಏರಿದ ವಾರದಲ್ಲೇ ಹೀಗಾಗಿದ್ದರೆ ಮೊದಲು ಅನುಮಾನಿಸಬೇಕಾದದ್ದು ಮಾತ್ರೆಯನ್ನು. ಡೋಸ್ ಇಳಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಇನ್ನೊಂದು ಅಪಾಯ ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ನೇರವಾಗಿ ತರುವ ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ಐಬುಪ್ರೊಫೆನ್‌ಗಳದ್ದು. ಕಿಡ್ನಿಯ ಜರಡಿಗೆ ರಕ್ತ ತರುವ ನಾಳ ಒಂದು, ಒಯ್ಯುವ ನಾಳ ಇನ್ನೊಂದು. ಮೈಯಲ್ಲಿ ನೀರು ಕಡಿಮೆಯಾದಾಗ ಕಿಡ್ನಿ ಒಳಬರುವ ನಾಳವನ್ನು ಹಿಗ್ಗಿಸಿ, ಹೊರಹೋಗುವುದನ್ನು ಬಿಗಿದು, ಹೇಗೋ ಒತ್ತಡ ಉಳಿಸಿಕೊಳ್ಳುತ್ತದೆ. ಈ ನೋವಿನ ಮಾತ್ರೆಗಳು ಹಿಗ್ಗುವುದನ್ನು ತಡೆಯುತ್ತವೆ. ಬಿಪಿಗೆ ಕೊಡುವ ಟೆಲ್ಮಿಸಾರ್ಟನ್, ರಾಮಿಪ್ರಿಲ್‌ಗಳು ಬಿಗಿಯುವುದನ್ನು ತಡೆಯುತ್ತವೆ. ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆಯಿದ್ದರೆ ನೀರೂ ಕಡಿಮೆ. ಒಂದೊಂದೇ ಇದ್ದಾಗ ತಡೆದುಕೊಂಡಿದ್ದ ಕಿಡ್ನಿ, ಮೂರೂ ಸೇರಿ ಮೇಲೆ ಎರಡು ದಿನ ವಾಂತಿಭೇದಿಯಾದರೆ ಸೋಸುವುದನ್ನೇ ನಿಲ್ಲಿಸಬಹುದು. ಮೂತ್ರ ತೀರಾ ಕಡಿಮೆಯಾಗುವುದು, ಕಾಲು ಊದುವುದು, ವಿಪರೀತ ಸುಸ್ತು ಇದರ ಸೂಚನೆ. ಆದರೆ ಆರಂಭದಲ್ಲಿ ಏನೂ ಗೊತ್ತಾಗದೆಯೂ ಇರಬಹುದು, ರಕ್ತಪರೀಕ್ಷೆಯಲ್ಲೇ ತಿಳಿಯುತ್ತದೆ.

ಹಾಗೆಂದು ಇದನ್ನು ಓದಿ ಬಿಪಿ ಮಾತ್ರೆಯನ್ನೋ ಪ್ರಿಗಾಬಲಿನ್ ಅನ್ನೋ ಒಮ್ಮೆಲೇ ನಿಲ್ಲಿಸಬೇಡಿ, ಅದೂ ಅಪಾಯವೇ. ವಾಂತಿಭೇದಿ ಶುರುವಾದ ದಿನವೇ ವೈದ್ಯರಿಗೆ ಫೋನ್ ಮಾಡಿ, ಯಾವುದನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕೆಂದು ಕೇಳಿ. ನೋವಿಗೆ ವೈದ್ಯರು ಹೇಳಿದ ಮಿತಿಯಲ್ಲಿ ಪ್ಯಾರಾಸಿಟಮಾಲ್, ಅಥವಾ ಮಂಡಿಗೆ ಹಚ್ಚುವ ಜೆಲ್, ಕಿಡ್ನಿಗೆ ಕಡಿಮೆ ಹೊರೆ. ಇನ್ನು ಹೊಸ ಔಷಧ ಬರೆಸುವಾಗ ರಿಪೋರ್ಟಿನ ಜೊತೆ ಅಜ್ಜಿಯ ಈಗಿನ ತೂಕವನ್ನೂ ಹೇಳಿ. ಮೇಲಿನ ಲೆಕ್ಕಕ್ಕೆ ಬೇಕಾದ, ರಿಪೋರ್ಟಿನಲ್ಲಿ ಸಾಮಾನ್ಯವಾಗಿ ಇರದ ಅಂಕಿ ಅದೊಂದೇ.