ಹಗ್ಗ, ಸೀಮೆಸುಣ್ಣ ಮತ್ತು ಮಂಗಳೂರಿನ ಉತ್ತರ ದಿಕ್ಕು

ಪಶ್ಚಿಮ ಎಲ್ಲಿ ಎಂದು ಕೇಳಿದರೆ ಮಂಗಳೂರಿನ ಐದನೆಯ ತರಗತಿಯ ಮಕ್ಕಳು ಕಡಲಿನತ್ತ ಕೈ ತೋರುತ್ತಾರೆ. ತುಳು ಮನೆಮಾತಿನವರಿಗೆ ಪಡ್ಡಾಯಿ, ಮೂಡಾಯಿ ಎಂಬ ಪದಗಳೂ ಗೊತ್ತು. ತೆಂಕ ಎಕ್ಕಾರು, ಬಡಗ ಎಕ್ಕಾರು ಎಂಬ ಊರ ಹೆಸರುಗಳಲ್ಲೇ ದಿಕ್ಕುಗಳಿವೆ. ಆದರೆ ಶಾಲೆಯ ಅಂಗಳದಲ್ಲಿ ಕೇರಿಯ ನಕ್ಷೆ ಬರೆಯಲು ಈ ಅಂದಾಜು ಸಾಲದು. ಡಿಸೆಂಬರಿನಲ್ಲಿ ಇಲ್ಲಿ ಸೂರ್ಯ ಮುಳುಗುವುದು ನೇರ ಪಶ್ಚಿಮಕ್ಕಿಂತ ಸುಮಾರು 24 ಡಿಗ್ರಿ ದಕ್ಷಿಣಕ್ಕೆ.

ಮಧ್ಯಾಹ್ನದ ನೆರಳು ಉತ್ತರಕ್ಕೆ ಬೀಳುತ್ತದೆ ಎಂಬ ಪಾಠವೂ ಇಲ್ಲಿ ವರ್ಷವಿಡೀ ನಡೆಯದು. ಊರು ಸುಮಾರು 12.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಾಗಾಗಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಆ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಸೂರ್ಯ ನೆತ್ತಿಗೇರುವುದೂ ಗಡಿಯಾರದ 12ಕ್ಕಲ್ಲ, ಹೆಚ್ಚುಕಡಿಮೆ ಹನ್ನೆರಡೂವರೆಗೆ.

ಶುಲ್ಬಸೂತ್ರಗಳ ಕಾಲದ ಶಂಕುವಿನ ವಿಧಾನಕ್ಕೆ ಈ ತೊಡಕುಗಳಿಲ್ಲ. ಅದಕ್ಕೆ ಬೇಕಾದದ್ದು ಕೋಲು, ಹಗ್ಗ ಮತ್ತು ಸೀಮೆಸುಣ್ಣ ಮಾತ್ರ. ಒಂದು ಮೀಟರ್ ಎತ್ತರದ ಕೋಲನ್ನು ನೆಟ್ಟಗೆ ನಿಲ್ಲಿಸಿ, ಅದರ ಸುತ್ತ 1.2 ಮೀಟರ್ ಹಗ್ಗದಿಂದ ವೃತ್ತ ಎಳೆಯಬೇಕು. ಡಿಸೆಂಬರಿನಲ್ಲಿ ನೆರಳಿನ ತುದಿ ಬೆಳಗ್ಗೆ 10ರ ಸುಮಾರಿಗೆ ವೃತ್ತದ ಒಳಗೆ ಬರುತ್ತದೆ, ಮಧ್ಯಾಹ್ನ 3ಕ್ಕೆ ಸ್ವಲ್ಪ ಮೊದಲು ಹೊರಗೆ ಹೋಗುತ್ತದೆ. ಎರಡೂ ಶಾಲೆಯ ಹೊತ್ತೇ. ಆ ಎರಡು ಗುರುತುಗಳನ್ನು ಸೇರಿಸುವ ಗೆರೆಯೇ ಪೂರ್ವ-ಪಶ್ಚಿಮ. ಕೋಲು ವಾಲಿದ್ದರೆ ಗೆರೆ ಕೆಡುತ್ತದೆ; ದಾರಕ್ಕೆ ಕಲ್ಲು ಕಟ್ಟಿ ತೂಗುಬಿಟ್ಟರೆ ವಾಲಿರುವುದು ತಿಳಿಯುತ್ತದೆ. ಮಳೆಗಾಲದಲ್ಲಿ ಬಿಸಿಲೇ ಇಲ್ಲದಿರುವುದರಿಂದ ಈ ಪಾಠವನ್ನು ನವೆಂಬರಿನ ನಂತರ ಇಟ್ಟುಕೊಳ್ಳುವುದು ಲೇಸು.

ಪ್ರಮಾಣ ಕಲಿಸಲು ಎರಡು ಹಗ್ಗ ಸಾಕು. ಬೀದಿಗೆ 10 ಮೀಟರಿನದು. ಅಂಗಳಕ್ಕೆ 20 ಸೆಂಟಿಮೀಟರಿಗೊಂದು ಗಂಟು ಹಾಕಿದ ದಾರ. ಬೀದಿಯಲ್ಲಿ ಒಂದು ಹಗ್ಗವೆಂದರೆ ಅಂಗಳದಲ್ಲಿ ಒಂದು ಗಂಟು. 1:50 ಎಂಬ ಅನುಪಾತವನ್ನು ಆಮೇಲೆ ಹೇಳಿದರಾಯಿತು. ತೆಂಗಿನ ನಾರಿನ ಹಗ್ಗ ಎಳೆದಂತೆ ಹಿಗ್ಗುತ್ತದೆ, ಆದ್ದರಿಂದ ದಿನವೂ ಅಳೆದು ನೋಡಬೇಕು. ಬಾವುಟಗುಡ್ಡೆಯಂಥ ಏರಿನಲ್ಲಿ ಆಗುವ ವ್ಯತ್ಯಾಸ ಅಲ್ಪ. ಎರಡಡಿಗೆ ಒಂದಡಿ ಏರುವ ಮೆಟ್ಟಿಲುಗಳಲ್ಲಿ ಮಾತ್ರ 10 ಮೀಟರ್ ಹಗ್ಗ ಸಮತಲದಲ್ಲಿ 9 ಮೀಟರಿಗೂ ಕಡಿಮೆ.

ನಿಜವಾದ ಪರೀಕ್ಷೆ ಇರುವುದು ಸುತ್ತು ಮುಗಿಸುವಲ್ಲಿ. ರಥಬೀದಿಯಲ್ಲಿ ಹೊರಟು ಅಡ್ಡಬೀದಿಗಳನ್ನು ಬಳಸಿ, ಮತ್ತೆ ವೆಂಕಟರಮಣ ದೇವಸ್ಥಾನದ ಮುಂದಕ್ಕೇ ಬಂದೆವೆನ್ನೋಣ. ಅಂಗಳದ ಗೆರೆ ಮಾತ್ರ ಹೊರಟ ಬಿಂದುವನ್ನು ಮುಟ್ಟದೆ 35 ಸೆಂಟಿಮೀಟರ್ ಆಚೆ ನಿಲ್ಲುತ್ತದೆ. ಮಕ್ಕಳು ಹಗ್ಗದ ಎಣಿಕೆಯನ್ನು ದೂರುತ್ತಾರೆ. ಎದುರು ದಿಕ್ಕಿನಿಂದ ಇನ್ನೊಂದು ತಂಡ ಎಣಿಸಲಿ: ಲೆಕ್ಕ ತಾಳೆಯಾದರೆ ತಪ್ಪು ತಿರುವಿನದು. ಮಕ್ಕಳು ಪ್ರತಿ ತಿರುವನ್ನೂ ಕಾಗದದ ಮೂಲೆಯಂತೆ ಚೌಕವಾಗಿ ಬರೆದುಬಿಡುತ್ತಾರೆ. ಒಂದು ತಿರುವಿನಲ್ಲಿ 10 ಡಿಗ್ರಿ ತಪ್ಪಿದರೆ, 100 ಮೀಟರ್ ನಡೆಯುವಷ್ಟರಲ್ಲಿ 17 ಮೀಟರ್ ಸರಿದಿರುತ್ತೇವೆ. ಅಂಗಳದಲ್ಲಿ ಅದೇ ಆ 35 ಸೆಂಟಿಮೀಟರ್. ತಿರುವಿನ ಎರಡೂ ತೋಳುಗಳಲ್ಲಿ 3 ಮೀಟರಿಗೆ ಗುರುತು ಹಾಕಿ, ನಡುವಿನ ಅಡ್ಡದೂರವನ್ನು ಹಗ್ಗದಲ್ಲಿ ಹಿಡಿದು ತಂದು, ಅದೇ ತ್ರಿಕೋನವನ್ನು ಅಂಗಳದಲ್ಲಿ ಎಳೆದರೆ ಕೋನ ಸರಿಹೋಗುತ್ತದೆ. ಕೋನಮಾಪಕ ಬೇಡ.

ಹೆಗ್ಗುರುತುಗಳ ಆಯ್ಕೆಯಲ್ಲಿ ಮಕ್ಕಳು ಐಸ್‌ಕ್ಯಾಂಡಿ ಗಾಡಿಯನ್ನೂ ಬರೆಯುತ್ತಾರೆ. ಬರೆಯಲಿ. ಮರುದಿನ ಆ ನಕ್ಷೆ ಹಿಡಿದು ಹೊರಟ ಇನ್ನೊಂದು ತಂಡ ಗಾಡಿ ಕಾಣದೆ ನಿಂತಾಗ, ಅದನ್ನು ಒರಸಿ ಅಶ್ವತ್ಥಕಟ್ಟೆಯನ್ನು ಬರೆಯುವವರೂ ಅವರೇ.