ಹೀಟ್ ಕ್ರೀಪ್

ಹೀಟ್ ಕ್ರೀಪ್ ಎಂಬುದು ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ ಪದರಪದರವಾಗಿ ವಸ್ತುವನ್ನು ರೂಪಿಸುವ ೩ಡಿ ಮುದ್ರಕಗಳಲ್ಲಿ ಕಂಡುಬರುವ ಒಂದು ದೋಷ. ಮುದ್ರಕದ ಹಾಟ್‌ಎಂಡ್ ಭಾಗದ ಶಾಖವು ಮೇಲಕ್ಕೆ ಹರಿದು, ಗಟ್ಟಿಯಾಗಿಯೇ ಉಳಿಯಬೇಕಾದ ಫಿಲಮೆಂಟನ್ನು ಮುಂಚಿತವಾಗಿ ಮೆದುಗೊಳಿಸುವುದರಿಂದ ಮಾರ್ಗವು ಕಟ್ಟಿಕೊಳ್ಳುತ್ತದೆ. ಬೇಸಿಗೆಯಲ್ಲಿ ಕಾದ ಕೋಣೆಗಳಲ್ಲಿ, ವಿಶೇಷವಾಗಿ ಪಿಎಲ್‌ಎ ಬಳಸುವಾಗ, ಈ ದೋಷ ಹೆಚ್ಚಾಗಿ ತಲೆದೋರುತ್ತದೆ.

## ಕಾರಣ

ಹಾಟ್‌ಎಂಡಿನ ಕೆಳಗೆ ನಾಝಲ್ ಮತ್ತು ಅದನ್ನು ಕಾಯಿಸುವ ಲೋಹದ ಬ್ಲಾಕ್ ಇರುತ್ತವೆ. ಮೇಲೆ ರೆಕ್ಕೆಗಳುಳ್ಳ ಹೀಟ್ ಸಿಂಕ್ ಇದ್ದು, ಇವೆರಡನ್ನೂ ಹೀಟ್ ಬ್ರೇಕ್ ಎಂಬ ತೆಳುಗೋಡೆಯ ಕೊಳವೆ ಜೋಡಿಸುತ್ತದೆ. ಈ ಕೊಳವೆಯ ಮೂಲಕ ಏರಿಬರುವ ಶಾಖವನ್ನು ಹೀಟ್ ಸಿಂಕ್ ಹೀರಿಕೊಳ್ಳುತ್ತದೆ. ಹಾಟ್‌ಎಂಡ್ ಫ್ಯಾನ್ ಅದನ್ನು ಗಾಳಿಗೆ ಬಿಡುತ್ತದೆ.

ಫ್ಯಾನ್ ಎಷ್ಟೇ ಚೆನ್ನಾಗಿದ್ದರೂ ಹೀಟ್ ಸಿಂಕನ್ನು ಸುತ್ತಲಿನ ಗಾಳಿಗಿಂತ ತಣ್ಣಗೆ ಮಾಡಲಾರದು. ಹೀಟ್ ಸಿಂಕಿನ ತಾಪಮಾನವು ಗಾಳಿಯ ತಾಪಮಾನಕ್ಕಿಂತ ಹೆಚ್ಚುಕಡಿಮೆ ನಿಶ್ಚಿತ ಅಂತರದಲ್ಲಿ ಮೇಲೆ ನಿಲ್ಲುತ್ತದೆ. ಪಿಎಲ್‌ಎ ಸುಮಾರು 55ರಿಂದ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆದುವಾಗತೊಡಗುತ್ತದೆ. ಮೆದುವಾದ ಎಳೆ ಉಬ್ಬಿ ಕೊಳವೆಯ ಗೋಡೆಗೆ ಅಂಟಿಕೊಂಡಾಗ ಎಕ್ಸ್‌ಟ್ರೂಡರ್ ಅದನ್ನು ತಳ್ಳಲಾಗದೆ ಹೋಗುತ್ತದೆ.

## ಉದಾಹರಣೆ

ಕಲಬುರಗಿಯಂತಹ ಊರುಗಳಲ್ಲಿ ಮೇ ತಿಂಗಳಲ್ಲಿ ಹಗಲಿನ ತಾಪಮಾನ 40 ಡಿಗ್ರಿಯನ್ನು ದಾಟುವುದು ಸಾಮಾನ್ಯ. ಒಂದು ಮುದ್ರಕದ ಹೀಟ್ ಸಿಂಕ್ ಸುತ್ತಲಿನ ಗಾಳಿಗಿಂತ 15 ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ ಎಂದು ಭಾವಿಸಿದರೆ, ಚಳಿಗಾಲದ 25 ಡಿಗ್ರಿಯ ಕೋಣೆಯಲ್ಲಿ ಅದು 40 ಡಿಗ್ರಿಯಲ್ಲಿರುತ್ತದೆ. ಕೋಣೆ 40 ಡಿಗ್ರಿಗೆ ಏರಿದಾಗ ಅದು 55 ಡಿಗ್ರಿ ಮುಟ್ಟಿ ಅಪಾಯದ ಅಂಚಿಗೆ ಬರುತ್ತದೆ. ಫ್ಯಾನಿನಲ್ಲಿ ಧೂಳು ಕಟ್ಟಿ ಈ ಅಂತರ 25 ಡಿಗ್ರಿಗೆ ಹೆಚ್ಚಿದ್ದರೆ, ಚಳಿಗಾಲದಲ್ಲಿ 50 ಡಿಗ್ರಿಯೊಂದಿಗೆ ನಿರಾತಂಕವಾಗಿ ನಡೆಯುತ್ತಿದ್ದ ಮುದ್ರಕವು ಬೇಸಿಗೆಯಲ್ಲಿ 65 ಡಿಗ್ರಿ ತಲುಪಿ ಕಟ್ಟಿಕೊಳ್ಳುತ್ತದೆ. ದೋಷವು ಮೊದಲೇ ಇದ್ದರೂ ಬೇಸಿಗೆಯಲ್ಲಿ ಮಾತ್ರ ಬಯಲಾಗುವುದಕ್ಕೆ ಇದೇ ಕಾರಣ.

## ಲಕ್ಷಣಗಳು

ಮುದ್ರಣವು ಸರಿಯಾಗಿಯೇ ಆರಂಭವಾಗಿ, ಸ್ವಲ್ಪ ಹೊತ್ತಿನ ಅನಂತರ ಪದರಗಳು ತೆಳುವಾಗುತ್ತವೆ. ಎಕ್ಸ್‌ಟ್ರೂಡರ್ ಟಿಕ್ ಟಿಕ್ ಎಂದು ಸದ್ದು ಮಾಡುತ್ತದೆ. ಅದರ ಹಲ್ಲುಚಕ್ರವು ಫಿಲಮೆಂಟನ್ನು ಕೆರೆದು ಪುಡಿಮಾಡಬಹುದು. ಹೊರಗೆಳೆದ ಎಳೆಯ ತುದಿಗಿಂತ ಮೇಲೆ ಉಬ್ಬಿದ ಭಾಗ ಕಾಣುತ್ತದೆ. ನಾಝಲ್‌ನಲ್ಲಿ ಕಸ ಸಿಲುಕಿದ್ದರೆ ತೊಂದರೆ ಸಾಮಾನ್ಯವಾಗಿ ಮೊದಲ ಪದರದಿಂದಲೇ ಕಾಣಿಸಿಕೊಳ್ಳುತ್ತದೆ. ಒಳಗಿನ ಪಿಟಿಎಫ್‌ಇ ಕೊಳವೆ ಮತ್ತು ನಾಝಲ್ ನಡುವೆ ಸಂದು ಬಿಟ್ಟಿದ್ದರೂ ಇಂತಹುದೇ ತಡೆ ಉಂಟಾಗುವುದರಿಂದ ಅದನ್ನೂ ಪರಿಶೀಲಿಸಬೇಕಾಗುತ್ತದೆ.

## ಫ್ಯಾನ್ ಪರಿಶೀಲನೆ

ಮುದ್ರಕದಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಫ್ಯಾನ್‌ಗಳಿರುತ್ತವೆ. ಮುದ್ರಿತ ಪದರವನ್ನು ತಣಿಸುವ ಫ್ಯಾನಿನ ವೇಗವನ್ನು ಸ್ಲೈಸರ್ ತಂತ್ರಾಂಶ ನಿಗದಿಪಡಿಸುತ್ತದೆ. ಹಾಟ್‌ಎಂಡ್ ಫ್ಯಾನ್ ಬೇರೆಯದು. ಕೆಲವು ಮುದ್ರಕಗಳಲ್ಲಿ ಅದು ಸದಾ ತಿರುಗುತ್ತದೆ, ಇನ್ನು ಕೆಲವುಗಳಲ್ಲಿ ನಾಝಲ್ ಸುಮಾರು 50 ಡಿಗ್ರಿ ದಾಟಿದಾಗ ಆರಂಭವಾಗುತ್ತದೆ.

ನಾಝಲನ್ನು ಬಿಸಿಮಾಡಿ ಈ ಫ್ಯಾನ್ ತಡವಿಲ್ಲದೆ, ಪೂರ್ಣ ವೇಗದಲ್ಲಿ ತಿರುಗುವುದೇ ಎಂದು ನೋಡಲಾಗುತ್ತದೆ. ತೆಳುವಾದ ಕಾಗದದ ಚೂರನ್ನು ಗಾಳಿಗೆ ಹಿಡಿದರೆ ಗಾಳಿಯ ದಿಕ್ಕು ಮತ್ತು ಬಲ ತಿಳಿಯುತ್ತದೆ. ಬಳಿಕ ವಿದ್ಯುತ್ ಕಡಿತಗೊಳಿಸಿ, ಹಾಟ್‌ಎಂಡ್ ತಣ್ಣಗಾದ ಮೇಲೆ ರೆಕ್ಕೆಗಳ ನಡುವಿನ ಧೂಳು, ಕೂದಲು ಮತ್ತು ಪ್ಲಾಸ್ಟಿಕ್ ನೂಲುಗಳನ್ನು ತೆಗೆಯಬೇಕು. ಬದಲಿ ಫ್ಯಾನಿನ ವೋಲ್ಟೇಜ್ ಮೂಲ ಫ್ಯಾನಿನಷ್ಟೇ ಇರಬೇಕು: 12 ವೋಲ್ಟ್ ಮುದ್ರಕದಲ್ಲಿ 24 ವೋಲ್ಟ್ ಫ್ಯಾನ್ ನಿಧಾನವಾಗಿ ತಿರುಗಬಹುದು ಅಥವಾ ತಿರುಗದೇ ಇರಬಹುದು. ಮುದ್ರಣ ಮುಗಿದ ಕೂಡಲೇ ವಿದ್ಯುತ್ ನಿಲ್ಲಿಸಿದರೆ ಫ್ಯಾನ್ ನಿಂತು, ಬ್ಲಾಕಿನಲ್ಲಿ ಉಳಿದ ಶಾಖ ಮೇಲೇರುತ್ತದೆ. ಆದ್ದರಿಂದ ನಾಝಲ್ 50 ಡಿಗ್ರಿಗಿಂತ ಕೆಳಗಿಳಿಯುವವರೆಗೆ ಕಾಯುವುದು ಉಚಿತ.

## ಸುತ್ತಲಿನ ಗಾಳಿಯನ್ನು ತಣಿಸುವುದು

ಕೋಣೆಯ ತಾಪಮಾನಕ್ಕಿಂತ ಹಾಟ್‌ಎಂಡಿನ ಪಕ್ಕದ ಗಾಳಿಯ ತಾಪಮಾನವೇ ಮುಖ್ಯ. ಮುಚ್ಚಿದ ಪೆಟ್ಟಿಗೆಯೊಳಗೆ 60 ಡಿಗ್ರಿಗೆ ಕಾದ ತಳಹಲಗೆಯು ಗಾಳಿಯನ್ನು ಮತ್ತಷ್ಟು ಬಿಸಿಮಾಡುತ್ತದೆ. ಆದ್ದರಿಂದ ಪಿಎಲ್‌ಎ ಮುದ್ರಿಸುವಾಗ ಪೆಟ್ಟಿಗೆಯ ಬಾಗಿಲು ಹಾಗೂ ಮುಚ್ಚಳವನ್ನು ತೆರೆದಿಡಲಾಗುತ್ತದೆ. ಮೊದಲ ಪದರಗಳು ಅಂಟಿಕೊಂಡ ಬಳಿಕ ತಳಹಲಗೆಯ ಶಾಖವನ್ನು 50 ಡಿಗ್ರಿಗೆ ಇಳಿಸಬಹುದು. ದೀರ್ಘ ಮುದ್ರಣಗಳನ್ನು ರಾತ್ರಿ ಅಥವಾ ಮುಂಜಾನೆಗೆ ಹೊಂದಿಸಿದರೆ, ಮೇಲ್ವಿಚಾರಣೆ ಇರುವಂತೆ ನೋಡಿಕೊಳ್ಳಬೇಕು. ಮೇಜಿನ ಫ್ಯಾನ್ ಗಾಳಿಯನ್ನು ತಣಿಸದಿದ್ದರೂ ಪೆಟ್ಟಿಗೆಯ ಬಿಸಿಗಾಳಿಯನ್ನು ಹೊರಹಾಕಲು ನೆರವಾಗುತ್ತದೆ.

ಎಬಿಎಸ್ ಮೆದುವಾಗುವುದು ಸುಮಾರು 105 ಡಿಗ್ರಿಯಲ್ಲಿ. ಪದರಗಳು ಬಿರಿಯದಿರಲು ಅದಕ್ಕೆ ಮುಚ್ಚಿದ ಪೆಟ್ಟಿಗೆಯೇ ಅನುಕೂಲ. ಹೀಗಾಗಿ ಈ ಕ್ರಮಗಳು ಎಲ್ಲ ಪ್ಲಾಸ್ಟಿಕ್‌ಗಳಿಗೂ ಅನ್ವಯಿಸುವುದಿಲ್ಲ.

## ಇತರ ಹೊಂದಾಣಿಕೆಗಳು

ಫಿಲಮೆಂಟನ್ನು ಹಿಂದಕ್ಕೆಳೆಯುವ ರಿಟ್ರಾಕ್ಷನ್ ಉದ್ದವು ಅತಿಯಾದರೆ, ಕರಗಿದ ಪ್ಲಾಸ್ಟಿಕ್ ತಂಪು ಭಾಗಕ್ಕೆ ಸೇರುತ್ತದೆ. ನಾಝಲ್ ಬಿಸಿಯಾಗಿರುವಾಗ ಮುದ್ರಣವನ್ನು ಬಹಳ ಹೊತ್ತು ತಡೆಹಿಡಿದರೂ ತಣ್ಣನೆಯ ಎಳೆ ಒಳಬರದೆ ಶಾಖ ಏರುತ್ತದೆ. ರಿಟ್ರಾಕ್ಷನ್ ಕಡಿಮೆ ಮಾಡುವುದು ಮತ್ತು ನಾಝಲ್ ತಾಪಮಾನವನ್ನು 5ರಿಂದ 10 ಡಿಗ್ರಿ ತಗ್ಗಿಸುವುದು ಸಹಾಯಕ. ಆದರೆ ಕೆಟ್ಟ ಫ್ಯಾನಿಗೆ ಇವು ಪರಿಹಾರವಲ್ಲ.