ಶಿರಾದ ಆ 60 ಸಾವಿರ ಮತಗಳು ಎಲ್ಲಿಂದ ಬಂದವು?

2020ರ ನವೆಂಬರ್ 10ರಂದು ಶಿರಾ ಉಪಚುನಾವಣೆಯ ಎಣಿಕೆ ಮುಗಿದಾಗ ಬಿಜೆಪಿ ಆ ಕ್ಷೇತ್ರದಲ್ಲಿ ಮೊದಲ ಬಾರಿಗೆ ಗೆದ್ದಿತ್ತು. ಹಿಂದಿನ ವರ್ಷದ ಡಿಸೆಂಬರಿನಲ್ಲಿ ಮಂಡ್ಯ ಜಿಲ್ಲೆಯ ಕೆ.ಆರ್.ಪೇಟೆ ಉಪಚುನಾವಣೆಯನ್ನೂ ಅದೇ ಪಕ್ಷ ಗೆದ್ದುಕೊಂಡಿತ್ತು. ಎರಡನ್ನೂ ಒಂದೇ ದಾರಕ್ಕೆ ಪೋಣಿಸಿ, ಜೆಡಿಎಸ್ ಕೋಟೆ ಬಿತ್ತು, ಹಳೇ ಮೈಸೂರು ಭಾಗ ಬಿಜೆಪಿ ಕಡೆ ವಾಲಿತು ಅಂತ ಟಿವಿಯಲ್ಲೂ ಟೀ ಅಂಗಡಿಯಲ್ಲೂ ಮಾತು ಶುರುವಾಯಿತು. ಎರಡೂವರೆ ವರ್ಷದ ನಂತರ, 2023ರ ವಿಧಾನಸಭಾ ಚುನಾವಣೆಯಲ್ಲಿ, ಶಿರಾದಲ್ಲಿ ಬಿಜೆಪಿ ಮೂರನೇ ಸ್ಥಾನಕ್ಕೆ ಹೋಯಿತು. ಕೆ.ಆರ್.ಪೇಟೆ ಮತ್ತೆ ಜೆಡಿಎಸ್ ಕೈಗೆ ಬಂತು.

ಹಾಗಾದರೆ 2020ರಲ್ಲಿ ಶಿರಾದ ಜನ ಹೇಳಿದ್ದೇನು? ಆ ಅಂಕಿಗಳನ್ನು ಈಗ ನಿಧಾನವಾಗಿ ನೋಡಬಹುದು.

ಮೊದಲು ಹಿನ್ನೆಲೆ. 2018ರಲ್ಲಿ ಇಲ್ಲಿ ಗೆದ್ದವರು ಜೆಡಿಎಸ್‌ನ ಬಿ.ಸತ್ಯನಾರಾಯಣ. 2020ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು. ಉಪಚುನಾವಣೆಗೆ ಜೆಡಿಎಸ್ ಅವರ ಪತ್ನಿ ಅಮ್ಮಾಜಮ್ಮ ಅವರನ್ನು ನಿಲ್ಲಿಸಿತು. ಕಾಂಗ್ರೆಸ್‌ನಿಂದ ಹಳೆಯ ಹುರಿಯಾಳು ಟಿ.ಬಿ.ಜಯಚಂದ್ರ. ಬಿಜೆಪಿಯಿಂದ ಡಾ.ರಾಜೇಶ್ ಗೌಡ, ಇವರು ಕಾಂಗ್ರೆಸ್ ಸಂಸದರಾಗಿದ್ದ ಮೂಡಲಗಿರಿಯಪ್ಪನವರ ಮಗ. ಅಂದರೆ ಬಿಜೆಪಿಗೆ ಸಿಕ್ಕಿದ್ದು ತಾಲ್ಲೂಕಿಗೆ ಮೊದಲೇ ಗೊತ್ತಿದ್ದ ಮನೆತನ. ಗೆದ್ದದ್ದು ಪಕ್ಷವೋ ಮನೆತನವೋ ಅಂತ ಒಟ್ಟು ಮತದ ಲೆಕ್ಕ ಹೇಳುವುದಿಲ್ಲ, ಆದರೆ ಈ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗಲೂ ಆಗುವುದಿಲ್ಲ.

ಈಗ ಲೆಕ್ಕ. 2018ರಲ್ಲಿ ಜೆಡಿಎಸ್‌ಗೆ ಸುಮಾರು 74 ಸಾವಿರ ಮತ, ಕಾಂಗ್ರೆಸ್‌ಗೆ 64 ಸಾವಿರ, ಬಿಜೆಪಿಗೆ 17 ಸಾವಿರ. ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೇ ಒಂದು ಪಾಲು ಸಿಗದಿದ್ದರೆ ಠೇವಣಿ ಹೋಗುತ್ತದೆ. ಬಿಜೆಪಿ ಆಗ ಅಷ್ಟು ಹಿಂದಿತ್ತು. 2020ರಲ್ಲಿ ಬಿಜೆಪಿಗೆ 76 ಸಾವಿರ ಚಿಲ್ಲರೆ, ಕಾಂಗ್ರೆಸ್‌ಗೆ 63 ಸಾವಿರ, ಜೆಡಿಎಸ್‌ಗೆ 37 ಸಾವಿರ. ಗೆಲುವಿನ ಅಂತರ ಸುಮಾರು 13 ಸಾವಿರ.

ಎಲ್ಲರೂ ಆಡಿಕೊಂಡದ್ದು ಈ 13 ಸಾವಿರದ ಬಗ್ಗೆ. ಅಂತರ ಹೇಳುವುದು ಮೊದಲಿನವರಿಗೂ ಎರಡನೆಯವರಿಗೂ ಇರುವ ವ್ಯತ್ಯಾಸ ಮಾತ್ರ, ಯಾರ ಮತ ಎಷ್ಟು ಅಲುಗಾಡಿತು ಎಂಬುದನ್ನಲ್ಲ. ನೋಡಬೇಕಾದದ್ದು ಬೇರೆ: ಬಿಜೆಪಿಗೆ ಹೆಚ್ಚಾದದ್ದು ಸುಮಾರು 60 ಸಾವಿರ, ಜೆಡಿಎಸ್‌ಗೆ ಕಡಿಮೆಯಾದದ್ದು 37ರಿಂದ 38 ಸಾವಿರ, ಕಾಂಗ್ರೆಸ್‌ಗೆ ಒಂದು ಸಾವಿರವೂ ಕಡಿಮೆಯಾಗಿಲ್ಲ.

ಜೆಡಿಎಸ್ ಮತವೆಲ್ಲ ಬಿಜೆಪಿಗೆ ಹೋಯಿತು ಎಂಬ ಮಾತು ಇಲ್ಲೇ ಎಡವುತ್ತದೆ. ಜೆಡಿಎಸ್ ಕಳೆದುಕೊಂಡ ಪ್ರತಿ ಮತವನ್ನೂ ಬಿಜೆಪಿ ಲೆಕ್ಕಕ್ಕೇ ಬರೆದುಕೊಂಡರೂ ಇನ್ನೂ 20 ಸಾವಿರದ ಮೇಲೆ ಉಳಿಯುತ್ತದೆ. ಆ ಮತಗಳು ಬರಲು ಇದ್ದ ದಾರಿ ಕೆಲವೇ: ಹಿಂದಿನ ಸಲ ಪಕ್ಷೇತರರಿಗೋ ಸಣ್ಣ ಪಕ್ಷಗಳಿಗೋ ನೋಟಾಕ್ಕೋ ಒತ್ತಿದವರು, ಆಗ ಮತಗಟ್ಟೆಗೇ ಬಾರದವರು, ಹೊಸದಾಗಿ ಪಟ್ಟಿಗೆ ಸೇರಿದವರು. 2018ರಲ್ಲಿ ಮೂರು ಪಕ್ಷಗಳ ಮತ ಕೂಡಿಸಿದರೆ 1.55 ಲಕ್ಷ, 2020ರಲ್ಲಿ 1.76 ಲಕ್ಷ. ಆ 20 ಸಾವಿರ ಅಲ್ಲೇ ಕಾಣುತ್ತದೆ.

ಇದರಿಂದ ಕಾಂಗ್ರೆಸ್ ವಿಷಯದಲ್ಲೂ ಒಂದು ತಮಾಷೆ ನಡೆಯಿತು. ಅದರ ಮತಗಳು ಹೆಚ್ಚು ಕಡಿಮೆ ಅಷ್ಟೇ ಇದ್ದವು. ಆದರೆ ಮೂರು ಪಕ್ಷಗಳ ಒಟ್ಟು ಮತದಲ್ಲಿ ಅದರ ಪಾಲು ನೂರಕ್ಕೆ 41ರಿಂದ 36ಕ್ಕೆ ಇಳಿಯಿತು. ಕಣದಲ್ಲಿ ರಾಶಿ ದೊಡ್ಡದಾಯಿತು, ಇವರ ಮೊರದಲ್ಲಿದ್ದದ್ದು ಅಷ್ಟೇ ಇತ್ತು. ಶೇಕಡಾವಾರು ಮಾತ್ರ ನೋಡಿದವರಿಗೆ ಕಾಂಗ್ರೆಸ್ ಮತದಾರ ಬಿಟ್ಟುಹೋದ ಹಾಗೆ ಕಾಣುತ್ತದೆ, ಮತಗಳ ಸಂಖ್ಯೆ ಮಾತ್ರ ನೋಡಿದವರಿಗೆ ಏನೂ ಆಗಿಲ್ಲ ಅನಿಸುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟರಷ್ಟೇ ತಿಳಿಯುವುದು: ಹೊಸದಾಗಿ ಸೇರಿದ ಮತದಲ್ಲಿ ಕಾಂಗ್ರೆಸ್‌ಗೆ ಪಾಲು ಸಿಗಲಿಲ್ಲ.

ಹಾಗಂತ ಜಯಚಂದ್ರ ಅವರಿಗೆ 2018ರಲ್ಲಿ ಮತ ಹಾಕಿದವರೇ 2020ರಲ್ಲೂ ಹಾಕಿದರು ಅಂತ ಹೇಳಲು ಬರುವುದಿಲ್ಲ. ಹತ್ತು ಸಾವಿರ ಜನ ಕಾಂಗ್ರೆಸ್ ಬಿಟ್ಟು ಬಿಜೆಪಿಗೆ ಹೋಗಿ, ಹತ್ತು ಸಾವಿರ ಜನ ಜೆಡಿಎಸ್ ಬಿಟ್ಟು ಕಾಂಗ್ರೆಸ್‌ಗೆ ಬಂದಿದ್ದರೂ ಕೊನೆಯ ಅಂಕಿ ಹೀಗೇ ಇರುತ್ತಿತ್ತು. ಕೆರೆಯ ನೀರಿನ ಮಟ್ಟ ನೋಡಿ, ಯಾವ ಹಳ್ಳದಿಂದ ಎಷ್ಟು ಬಂತು, ಯಾವ ತೂಬಿನಲ್ಲಿ ಎಷ್ಟು ಹೋಯಿತು ಎಂದು ಹೇಳಲಾಗದಲ್ಲ, ಹಾಗೆ. ಇಂಥ ಜಾತಿ ಇಡಿಯಾಗಿ ಈ ಕಡೆ ಹೋಯಿತು, ಇಂಥ ಹಳ್ಳಿ ಕೈಕೊಟ್ಟಿತು ಎಂಬ ಮಾತುಗಳು ಹುಟ್ಟುವುದು ಈ ಜಾಗದಲ್ಲೇ. ಆಮೇಲೆ ಅದೇ ಮಾತಿನ ಮೇಲೆ ಊರೂರಿನ ಮಧ್ಯೆ ಮುನಿಸು ಬೆಳೆಯುತ್ತದೆ.

ಮತಗಟ್ಟೆವಾರು ಲೆಕ್ಕ ನೋಡಿದರೆ ಸ್ವಲ್ಪ ಹತ್ತಿರ ಹೋಗಬಹುದು. ಎಣಿಕೆಯ ನಂತರ ಸಿದ್ಧವಾಗುವ ಫಾರಂ 20ರಲ್ಲಿ ಪ್ರತಿ ಮತಗಟ್ಟೆಯ ಅಂಕಿ ಇರುತ್ತದೆ. ಆದರೆ 2020ರ ಚುನಾವಣೆಗೆ ಒಂದು ತೊಡಕಿದೆ. ಕೊರೊನಾ ಕಾರಣಕ್ಕೆ ಒಂದು ಮತಗಟ್ಟೆಗೆ ಸಾವಿರಕ್ಕಿಂತ ಹೆಚ್ಚು ಮತದಾರರು ಬೇಡವೆಂದು ಆಯೋಗ ಮಿತಿ ಹಾಕಿತ್ತು, ಹಾಗಾಗಿ ದೊಡ್ಡ ಮತಗಟ್ಟೆಗಳನ್ನು ಒಡೆದು ಹೆಚ್ಚುವರಿ ಮತಗಟ್ಟೆ ಮಾಡಬೇಕಾಯಿತು. 2018ರ ಒಂದು ಮತಗಟ್ಟೆ 2020ರಲ್ಲಿ ಎರಡಾಗಿದ್ದರೆ, ಎರಡನ್ನೂ ಕೂಡಿಸದೆ ಹೋಲಿಸಿದವರಿಗೆ ಎಲ್ಲ ಪಕ್ಷದ ಮತವೂ ಅರ್ಧಕ್ಕೆ ಇಳಿದಂತೆ ಕಾಣುತ್ತದೆ. 80 ದಾಟಿದವರಿಗೆ ಆ ಸಲ ಅಂಚೆ ಮತದ ಅವಕಾಶವೂ ಇತ್ತು. ಆ ಮತಗಳು ಯಾವ ಮತಗಟ್ಟೆಯ ಲೆಕ್ಕಕ್ಕೂ ಸೇರುವುದಿಲ್ಲ.

ಇನ್ನು ಉಪಚುನಾವಣೆ ಎಂಬುದೇ ಬೇರೆ ಥರದ ಚುನಾವಣೆ. 2018ರಲ್ಲಿ ಎಲ್ಲ ಪಕ್ಷಗಳ ದುಡ್ಡು, ಜನ, ನಾಯಕರು ರಾಜ್ಯದ ತುಂಬ ಹಂಚಿಹೋಗಿದ್ದರು. 2020ರಲ್ಲಿ ಶಿರಾ ಜೊತೆ ಬೆಂಗಳೂರಿನ ರಾಜರಾಜೇಶ್ವರಿನಗರ ಬಿಟ್ಟರೆ ರಾಜ್ಯದಲ್ಲಿ ಬೇರೆ ವಿಧಾನಸಭಾ ಕ್ಷೇತ್ರದ ಮತದಾನವೇ ಇರಲಿಲ್ಲ. ಬಿಜೆಪಿ ಸರ್ಕಾರದಲ್ಲಿತ್ತು. ಬಿ.ವೈ.ವಿಜಯೇಂದ್ರ ಕೆ.ಆರ್.ಪೇಟೆಯಂತೆ ಇಲ್ಲೂ ಬೀಡುಬಿಟ್ಟು ಉಸ್ತುವಾರಿ ನೋಡಿದರು. ಮತದಾನಕ್ಕೆ ಮುಂಚೆ ಕಾಡುಗೊಲ್ಲ ಅಭಿವೃದ್ಧಿ ನಿಗಮದ ಘೋಷಣೆ ಬಂತು, ಮದಲೂರು ಕೆರೆಗೆ ನೀರು ತುಂಬಿಸುವ ಭರವಸೆಯನ್ನು ಮುಖ್ಯಮಂತ್ರಿ ಯಡಿಯೂರಪ್ಪ ಅವರೇ ಕೊಟ್ಟರು. ಬರದ ತಾಲ್ಲೂಕಿನಲ್ಲಿ ನೀರಿನ ಮಾತನ್ನು ಯಾರು ಹಗುರವಾಗಿ ತೆಗೆದುಕೊಂಡಾರು? ಇವುಗಳಲ್ಲಿ ಯಾವುದಕ್ಕೆ ಎಷ್ಟು ಮತ ಬಿತ್ತು ಎಂದು ಬಿಡಿಸಿ ಹೇಳುವ ತಕ್ಕಡಿ ಯಾರ ಹತ್ತಿರವೂ ಇಲ್ಲ. ಎಲ್ಲವೂ ಒಟ್ಟಿಗೆ ಇದ್ದವು, ಮತ್ತು 2023ರ ರಾಜ್ಯವ್ಯಾಪಿ ಚುನಾವಣೆಯಲ್ಲಿ ಹೀಗೆ ಒಂದೇ ಕಡೆ ಒಟ್ಟಾಗುವುದು ಸಾಧ್ಯವಿರಲಿಲ್ಲ. ನನ್ನ ಪ್ರಕಾರ ಶಿರಾ ಫಲಿತಾಂಶ ಪಕ್ಕದ ತಾಲ್ಲೂಕಿಗೂ ಅನ್ವಯಿಸದಿರಲು ಇದೊಂದೇ ಕಾರಣ ಸಾಕಿತ್ತು.

2023ರಲ್ಲಿ ಜಯಚಂದ್ರ 86 ಸಾವಿರ ಮತ ಪಡೆದು ಗೆದ್ದರು. ಜೆಡಿಎಸ್‌ನ ಉಗ್ರೇಶ್‌ಗೆ 57 ಸಾವಿರ, ಬಿಜೆಪಿಯಿಂದ ಮತ್ತೆ ನಿಂತ ರಾಜೇಶ್ ಗೌಡರಿಗೆ 42 ಸಾವಿರ. ಬಿಜೆಪಿಗೆ 34 ಸಾವಿರ ಕಡಿಮೆಯಾಯಿತು, ಉಳಿದಿಬ್ಬರಿಗೆ ಕೂಡಿ 43 ಸಾವಿರ ಹೆಚ್ಚಾಯಿತು. ಇಲ್ಲೂ ಕೂಡಿಸಿ ಕಳೆದರೆ ಸರಿಹೊಂದುವುದಿಲ್ಲ. ಈ ಸಲ, ಬಿಜೆಪಿ ಶಿರಾದಲ್ಲಿ ಮುಗಿಯಿತು ಎಂದವರೂ ಇದ್ದರು. 2018ರ ಆ 17 ಸಾವಿರದ ಪಕ್ಕ ಈ 42 ಸಾವಿರವನ್ನು ಇಟ್ಟರೆ, ಉಪಚುನಾವಣೆಯಲ್ಲಿ ಹೆಚ್ಚಾಗಿದ್ದ 60 ಸಾವಿರದ ಜಾಗದಲ್ಲಿ 25 ಸಾವಿರದಷ್ಟು ಹೆಚ್ಚುವರಿ ಮತ ಬಿಜೆಪಿ ಲೆಕ್ಕದಲ್ಲಿ ಇನ್ನೂ ಇತ್ತು.